ಹದಿನೈದು, ಮೂವತ್ತು, ನಲವತ್ತು: ಟೆನಿಸ್‌ನ ಲೆಕ್ಕ

ಟೆನಿಸ್‌ನಲ್ಲಿ ಸೊನ್ನೆಗೆ ‘ಲವ್’ ಎಂದು ಹೆಸರು. ಮೊದಲ ಪಾಯಿಂಟ್ ಗೆದ್ದವರಿಗೆ 15, ಎರಡನೆಯದಕ್ಕೆ 30, ಮೂರನೆಯದಕ್ಕೆ 40. ನಾಲ್ಕನೆಯದನ್ನೂ ಗೆದ್ದರೆ ಒಂದು ಗೇಮ್. 15, 30 ಎಂಬ ಈ ಸಂಖ್ಯೆಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದೂ ಇಲ್ಲ. ಅವು ಒಂದು, ಎರಡು, ಮೂರು ಎಂಬುದಕ್ಕೆ ಇಟ್ಟ ಬೇರೆ ಹೆಸರುಗಳು ಅಷ್ಟೆ. ಮೂರನೆಯದು ನಿಜಕ್ಕೆ 45 ಆಗಬೇಕಿತ್ತು. ಹಳೆಯ ಫ್ರಾನ್ಸ್‌ನ ಅಂಗೈ ಚೆಂಡಾಟದಲ್ಲಿ 45 ಎಂದೇ ಎಣಿಸುತ್ತಿದ್ದರು. ಕೂಗುವವರ ಬಾಯಲ್ಲಿ ಸವೆದು ಅದು 40 ಆಯಿತು. ಗಡಿಯಾರದ ಮುಳ್ಳನ್ನು ಕಾಲು ಕಾಲು ಸುತ್ತು ತಿರುಗಿಸಿ ಲೆಕ್ಕ ಇಡುತ್ತಿದ್ದರು ಎಂಬ ಕಥೆ ಕೇಳಲು ಚೆಂದ, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ‘ಲವ್’ ಎಂಬುದು ಮೊಟ್ಟೆಯನ್ನು ಹೇಳುವ ಫ್ರೆಂಚ್ ಪದದಿಂದ ಬಂತು ಎನ್ನುವುದೂ ಅಂಥದ್ದೇ ಊಹೆ.

ಸ್ಕೋರ್ ಹೇಳುವಾಗ ಸರ್ವ್ ಮಾಡುವವರ ಅಂಕ ಮೊದಲು ಬರುತ್ತದೆ. ಅಂಪೈರ್ 15-40 ಎಂದರೆ ಸರ್ವ್ ಮಾಡುವವರು ಒಂದೇ ಪಾಯಿಂಟ್ ಗೆದ್ದಿದ್ದಾರೆ, ಎದುರಾಳಿ ಮೂರು ಗೆದ್ದಿದ್ದಾರೆ ಎಂದರ್ಥ. ಒಂದು ಗೇಮ್ ಮುಗಿಯುವವರೆಗೆ ಸರ್ವ್ ಒಬ್ಬರದೇ. ಮುಂದಿನ ಗೇಮ್‌ನಲ್ಲಿ ಅದು ಎದುರಾಳಿಗೆ ಹೋಗುತ್ತದೆ. ಪ್ರತಿ ಗೇಮ್‌ನ ಮೊದಲ ಸರ್ವ್ ಕೋರ್ಟ್‌ನ ಬಲಭಾಗದಿಂದ, ಎರಡನೆಯದು ಎಡದಿಂದ, ಹೀಗೆ ಅದಲು ಬದಲಾಗುತ್ತದೆ. ಇದರಿಂದ ಸ್ಕೋರ್ ತಪ್ಪಿದೆಯೇ ಎಂದು ತಿಳಿಯಲು ಒಂದು ಸುಲಭ ದಾರಿ ಸಿಗುತ್ತದೆ. ಆಡಿದ ಪಾಯಿಂಟ್‌ಗಳ ಮೊತ್ತ ಸಮಸಂಖ್ಯೆಯಾಗಿದ್ದರೆ ಸರ್ವ್ ಬಲದಿಂದ, ಬೆಸವಾಗಿದ್ದರೆ ಎಡದಿಂದ. 30-15 ಎಂದರೆ ಮೂರು ಪಾಯಿಂಟ್ ಆಗಿವೆ. ಆಗ ಸರ್ವ್ ಮಾಡುವವರು ಬಲಗಡೆ ನಿಂತಿದ್ದರೆ ಒಂದೋ ಅವರು ತಪ್ಪಾಗಿ ನಿಂತಿದ್ದಾರೆ, ಇಲ್ಲವೇ ಸ್ಕೋರ್ ತಪ್ಪಾಗಿದೆ. ಅಂಪೈರ್ ಇಲ್ಲದೆ ಕ್ಲಬ್ಬಿನಲ್ಲಿ ಆಡುವಾಗ ಎಷ್ಟೋ ಜಗಳ ಇಷ್ಟರಿಂದಲೇ ಬಗೆಹರಿಯುತ್ತದೆ.

ಇಬ್ಬರೂ ಮೂರು ಮೂರು ಪಾಯಿಂಟ್ ಗೆದ್ದು 40-40 ಆದಾಗ ಆ ಸಮಬಲಕ್ಕೆ ‘ಡ್ಯೂಸ್’ ಎನ್ನುತ್ತಾರೆ. ಫ್ರೆಂಚ್‌ನಲ್ಲಿ ಎರಡು ಎಂಬುದಕ್ಕಿರುವ ‘ದ್ಯೂ’ ಎಂಬ ಪದ ಇದರ ಮೂಲ. ಹೆಸರಿನಲ್ಲೇ ನಿಯಮ ಅಡಗಿದೆ: ಇಲ್ಲಿಂದ ಮುಂದೆ ಗೇಮ್ ಗೆಲ್ಲಬೇಕಾದರೆ ಬಿಡದೆ ಎರಡು ಪಾಯಿಂಟ್ ಗೆಲ್ಲಬೇಕು. ಡ್ಯೂಸ್ ನಂತರ ಮೊದಲ ಪಾಯಿಂಟ್ ಗೆದ್ದವರಿಗೆ ‘ಅಡ್ವಾಂಟೇಜ್’. ಅವರೇ ಮುಂದಿನದನ್ನೂ ಗೆದ್ದರೆ ಗೇಮ್ ಅವರದು. ಸೋತರೆ ಎದುರಾಳಿಗೆ ಅಡ್ವಾಂಟೇಜ್ ಹೋಗುವುದಿಲ್ಲ. ಆಟ ಮತ್ತೆ ಡ್ಯೂಸ್‌ಗೆ ಮರಳುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಡ್ಯೂಸ್ ಆದಾಗ ಆರು ಪಾಯಿಂಟ್ ಮುಗಿದಿರುವುದರಿಂದ ಸರ್ವ್ ಯಾವಾಗಲೂ ಬಲದಿಂದ, ಅಡ್ವಾಂಟೇಜ್ ಇದ್ದಾಗ ಎಡದಿಂದ. ಹಾಗಾಗಿ ಆಟಗಾರರು ಬಲಭಾಗವನ್ನು ಡ್ಯೂಸ್ ಕೋರ್ಟ್, ಎಡಭಾಗವನ್ನು ಆ್ಯಡ್ ಕೋರ್ಟ್ ಎಂದೇ ಕರೆಯುತ್ತಾರೆ.

ಡ್ಯೂಸ್ ಎಷ್ಟು ಸಲ ಬರಬಹುದು ಎಂಬುದಕ್ಕೆ ಮಿತಿಯಿಲ್ಲ. 1975ರಲ್ಲಿ ಇಂಗ್ಲೆಂಡಿನ ಸರ‍್ರೆ ಚಾಂಪಿಯನ್‌ಷಿಪ್‌ನಲ್ಲಿ ಆಂಟನಿ ಫಾಸೆಟ್ ಮತ್ತು ಕೀತ್ ಗ್ಲಾಸ್ ಆಡಿದ ಒಂದೇ ಗೇಮ್‌ನಲ್ಲಿ 37 ಡ್ಯೂಸ್ ಆದವು. ಮೊದಲ ಡ್ಯೂಸ್ ತಲುಪಲು 6 ಪಾಯಿಂಟ್, ಆಮೇಲಿನ 36 ಡ್ಯೂಸ್‌ಗಳಿಗೆ ಎರಡೆರಡರಂತೆ 72, ಕೊನೆಗೆ ಗೇಮ್ ಮುಗಿಸಲು 2. ಒಟ್ಟು 80 ಪಾಯಿಂಟ್. ನಾಲ್ಕೇ ಪಾಯಿಂಟ್‌ನಲ್ಲಿ ಮುಗಿಯಬಹುದಾಗಿದ್ದ ಗೇಮ್ ಅದು.

ಗೇಮ್‌ಗೆ ಅನ್ವಯಿಸುವ ಈ ಎರಡರ ಅಂತರವೇ ಸೆಟ್‌ಗೂ ಅನ್ವಯಿಸುತ್ತದೆ. ಆರು ಗೇಮ್ ಗೆದ್ದವರಿಗೆ ಸೆಟ್, ಆದರೆ ಎದುರಾಳಿಗಿಂತ ಎರಡು ಗೇಮ್ ಮುಂದಿರಬೇಕು. 6-4 ಆದರೆ ಮುಗಿಯಿತು. 6-5 ಸಾಲದು, 7-5 ಆಗಬೇಕು. ಮೊದಲು ಸೆಟ್‌ಗೂ ಕೊನೆಯೆಂಬುದಿರಲಿಲ್ಲ. 1969ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಪಾಂಚೊ ಗೊನ್ಸಾಲಿಸ್ ಅವರು ಚಾರ್ಲಿ ಪಾಸರೆಲ್ ಅವರನ್ನು 22-24, 1-6, 16-14, 6-3, 11-9ರಿಂದ ಸೋಲಿಸಿದರು. ಅದು 112 ಗೇಮ್‌ಗಳ ಪಂದ್ಯ, ಕತ್ತಲಾಗಿ ಮರುದಿನಕ್ಕೂ ಹೋಯಿತು. ಇಂಥ ಪಂದ್ಯಗಳಿಗೆ ಮದ್ದಾಗಿ ಅಮೆರಿಕದ ಜಿಮ್ಮಿ ವ್ಯಾನ್ ಆಲೆನ್ ಟೈಬ್ರೇಕ್ ರೂಪಿಸಿದ್ದರು. ಅವರ ಒಂಬತ್ತು ಪಾಯಿಂಟ್‌ಗಳ ಟೈಬ್ರೇಕ್‌ನಲ್ಲಿ ಮೊದಲು ಐದು ಗೆದ್ದವರಿಗೆ ಸೆಟ್. 4-4 ಆದರೆ ಮುಂದಿನ ಒಂದೇ ಪಾಯಿಂಟ್‌ನಲ್ಲಿ ತೀರ್ಮಾನ. ಅಮೆರಿಕ ಓಪನ್ ಇದನ್ನು 1970ರಲ್ಲಿ ಜಾರಿಗೆ ತಂದು ಐದು ವರ್ಷಗಳಲ್ಲಿ ಕೈಬಿಟ್ಟಿತು. ಒಂದೇ ಚೆಂಡಿಗೆ ಇಡೀ ಸೆಟ್ ಒಪ್ಪಿಸುವುದು ತೀರಾ ಜೂಜಾಯಿತು. ಉಳಿದುಕೊಂಡದ್ದು ಎರಡರ ಅಂತರವನ್ನು ಬಿಟ್ಟುಕೊಡದ ಏಳು ಪಾಯಿಂಟ್‌ಗಳ ಟೈಬ್ರೇಕ್.

6-6 ಆದಾಗ ಆಡುವ ಈ ಟೈಬ್ರೇಕ್‌ನಲ್ಲಿ 15, 30ರ ಗೋಜಿಲ್ಲ. ಒಂದು, ಎರಡು, ಮೂರು ಎಂದು ನೇರ ಎಣಿಕೆ. ಕನಿಷ್ಠ ಏಳು ಪಾಯಿಂಟ್ ಗಳಿಸಿ ಎರಡರ ಅಂತರದಲ್ಲಿ ಮುಂದಿರುವವರು ಗೆಲ್ಲುತ್ತಾರೆ. ಸರ್ವ್ ಸರದಿ ಮಾತ್ರ ಸ್ವಲ್ಪ ವಿಚಿತ್ರ. ಯಾರ ಸರದಿಯೋ ಅವರು ಮೊದಲ ಪಾಯಿಂಟ್‌ಗೆ ಒಂದೇ ಸರ್ವ್ ಸರದಿ ಪಡೆಯುತ್ತಾರೆ, ಬಲಭಾಗದಿಂದ. ಆಮೇಲೆ ಎದುರಾಳಿಗೆ ಎರಡು ಪಾಯಿಂಟ್, ಎಡದಿಂದ ಒಂದು, ಬಲದಿಂದ ಒಂದು. ನಂತರ ಮೊದಲಿನವರಿಗೆ ಎರಡು, ಹೀಗೆ ಮುಂದುವರಿಯುತ್ತದೆ. ಆರು ಪಾಯಿಂಟ್‌ಗೊಮ್ಮೆ ಅಂಗಳದ ಬದಿ ಬದಲಾಗುತ್ತದೆ.

ಎ ಮತ್ತು ಬಿ ಎಂಬ ಇಬ್ಬರು ಆಟಗಾರ್ತಿಯರ ಟೈಬ್ರೇಕ್ ಒಂದನ್ನು ಪಾಯಿಂಟ್ ಬಿಡದೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎ ಮೊದಲ ಸರ್ವ್ ಮಾಡಿ ಗೆಲ್ಲುತ್ತಾಳೆ, 1-0. ಬಿ ತನ್ನ ಎರಡೂ ಸರ್ವ್‌ಗಳಲ್ಲಿ ಗೆದ್ದು 2-1ರಿಂದ ಮುಂದಾಗುತ್ತಾಳೆ. ಗೇಮ್‌ನಂತೆ ಇಲ್ಲಿ ಸರ್ವ್ ಮಾಡುವವರ ಅಂಕ ಮೊದಲು ಬರುವುದಿಲ್ಲ; ಅಂಪೈರ್ ಮುಂದಿರುವವರ ಅಂಕವನ್ನು ಮೊದಲು ಹೇಳಿ ಅವರ ಹೆಸರು ಸೇರಿಸುತ್ತಾರೆ. ಸರ್ವ್ ಮತ್ತೆ ಎಗೆ: ಒಂದನ್ನು ಗೆದ್ದು 2-2, ಇನ್ನೊಂದನ್ನು ಸೋತು ಬಿಗೆ 3-2. ಸ್ವಂತ ಸರ್ವ್‌ನಲ್ಲಿ ಹೀಗೆ ಕಳೆದುಕೊಂಡ ಪಾಯಿಂಟ್‌ಗೆ ‘ಮಿನಿ ಬ್ರೇಕ್’ ಎನ್ನುತ್ತಾರೆ. ಬಿ ತನ್ನ ಸರ್ವ್‌ನಲ್ಲಿ 4-2 ಮಾಡುತ್ತಾಳೆ. ಮೊತ್ತ ಆರಾಯಿತು, ಇಬ್ಬರೂ ಬದಿ ಬದಲಿಸುತ್ತಾರೆ. ಬಿಯ ಎರಡನೇ ಸರ್ವ್ ಇನ್ನೂ ಬಾಕಿಯಿದೆ. ಆಚೆ ಬದಿಗೆ ಹೋಗಿ ಅದನ್ನು ಅವಳೇ ಮಾಡಬೇಕು. ಅದನ್ನು ಎ ಕಸಿದುಕೊಂಡು 4-3ಕ್ಕೆ ಇಳಿಸುತ್ತಾಳೆ, ಕಳೆದ ಮಿನಿ ಬ್ರೇಕ್ ವಾಪಸ್ ಬಂತು. ಎ ತನ್ನ ಎರಡೂ ಸರ್ವ್ ಗೆದ್ದು 5-4, ಬಿ ತನ್ನ ಎರಡೂ ಗೆದ್ದು 6-5. ಈಗ ಬಿಗೆ ಸೆಟ್ ಪಾಯಿಂಟ್, ಆದರೆ ಸರ್ವ್ ಎ ಕೈಯಲ್ಲಿ. ಎ ಉಳಿಸಿಕೊಂಡು 6-6 ಮಾಡುತ್ತಾಳೆ, ಮೊತ್ತ ಹನ್ನೆರಡು, ಮತ್ತೆ ಬದಿ ಬದಲು. ಎ ತನ್ನ ಸರ್ವ್‌ನಲ್ಲಿ 7-6 ಮಾಡಿದರೂ ಅಂತರ ಒಂದೇ ಆದ್ದರಿಂದ ಆಟ ಮುಗಿಯುವುದಿಲ್ಲ. ಬಿಯ ಸರ್ವ್‌ನಲ್ಲೂ ಗೆದ್ದಾಗ 8-6, ಸೆಟ್ ಎಗೆ.

ಎರಡೆರಡು ಸರ್ವ್‌ನ ಸರದಿಗೆ ಮೊದಲು ಒಂದೇ ಸರ್ವ್ ಇಟ್ಟಿದ್ದೇಕೆ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ. ಪಾಯಿಂಟ್‌ಗಳನ್ನು ಜೋಡಿ ಜೋಡಿಯಾಗಿ, ಅಂದರೆ 1-2, 3-4, 13-14 ಎಂದು ವಿಂಗಡಿಸಿದರೆ ಪ್ರತಿ ಜೋಡಿಯಲ್ಲೂ ಒಂದು ಸರ್ವ್ ಎಯದು, ಒಂದು ಬಿಯದು. 6-6ರಿಂದ ಎರಡರ ಅಂತರ ಪಡೆಯಬೇಕಾದರೆ ಎದುರಾಳಿಯ ಸರ್ವ್‌ನಲ್ಲಿ ಒಂದಾದರೂ ಪಾಯಿಂಟ್ ಕಸಿಯಲೇಬೇಕು. ಬರೀ ತನ್ನ ಸರ್ವ್ ಬಲದಿಂದ ಯಾರೂ ಟೈಬ್ರೇಕ್ ಗೆಲ್ಲಲಾರರು. ಟೆನಿಸ್‌ನ ನಿಯಮಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ ಎನ್ನಬಹುದು.

ಟೈಬ್ರೇಕ್ ಗೆದ್ದವರ ಲೆಕ್ಕಕ್ಕೆ ಸೇರುವುದು ಒಂದೇ ಗೇಮ್, ಸೆಟ್ 7-6 ಆಗುತ್ತದೆ. ಪತ್ರಿಕೆಗಳಲ್ಲಿ ಪಕ್ಕದ ಆವರಣದಲ್ಲಿ ಸೋತವರ ಅಂಕವನ್ನಷ್ಟೇ ಕೊಡುವುದುಂಟು: ಮೇಲಿನ ಸೆಟ್ 7-6 (6). ಅದರಿಂದ ಗೆದ್ದವರ ಅಂಕ ತಾನಾಗಿ ತಿಳಿಯುತ್ತದೆ. ಆವರಣದಲ್ಲಿ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗೆದ್ದವರದು 7, ಅದಕ್ಕಿಂತ ಹೆಚ್ಚಿದ್ದರೆ ಎರಡು ಕೂಡಿಸಿದರಾಯಿತು. ಮುಂದಿನ ಸೆಟ್‌ನ ಮೊದಲ ಗೇಮ್‌ನಲ್ಲಿ ಸರ್ವ್ ಮಾಡುವುದು ಟೈಬ್ರೇಕ್‌ನಲ್ಲಿ ಮೊದಲು ಸರ್ವ್ ಎದುರಿಸಿದವರು.

ವಿಂಬಲ್ಡನ್ ಬಹುಕಾಲ ಕೊನೆಯ ಸೆಟ್‌ಗೆ ಟೈಬ್ರೇಕ್ ತರಲು ಒಪ್ಪಲಿಲ್ಲ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹು ಅವರ ಐದನೇ ಸೆಟ್ 70-68ರವರೆಗೆ ಬೆಳೆದು, ಪಂದ್ಯ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ತೆಗೆದುಕೊಂಡಿತು. ಕೊನೆಗೆ 2019ರಲ್ಲಿ 12-12ಕ್ಕೆ ಟೈಬ್ರೇಕ್ ಬಂತು. ಅದೇ ವರ್ಷದ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಅವರು ರೋಜರ್ ಫೆಡರರ್ ಅವರನ್ನು 7-6, 1-6, 7-6, 4-6, 13-12ರಿಂದ ಸೋಲಿಸಿದರು. ಒಟ್ಟು ಪಾಯಿಂಟ್ ಗೆದ್ದದ್ದರಲ್ಲಿ ಫೆಡರರ್ 218, ಜೊಕೊವಿಚ್ 204. ಗೇಮ್‌ಗಳಲ್ಲೂ ಫೆಡರರ್ 36, ಜೊಕೊವಿಚ್ 32. ಮೂರೂ ಟೈಬ್ರೇಕ್ ಜೊಕೊವಿಚ್ ಪಾಲಾದವು, ಕಪ್ಪೂ ಅವರದೇ ಆಯಿತು. ಟೆನಿಸ್‌ನಲ್ಲಿ ಒಂದು ಗೇಮ್ ಮುಗಿದರೆ ಅದರ ಪಾಯಿಂಟ್‌ಗಳು ಅಳಿಸಿಹೋಗುತ್ತವೆ, ಸೆಟ್ ಮುಗಿದರೆ ಗೇಮ್‌ಗಳೂ ಅಳಿಸಿಹೋಗುತ್ತವೆ. 6-1ರ ಸೆಟ್‌ಗೂ 7-6ರ ಸೆಟ್‌ಗೂ ಬೆಲೆ ಒಂದೇ.

2022ರಿಂದ ನಾಲ್ಕೂ ಗ್ರ್ಯಾಂಡ್ ಸ್ಲಾಂಗಳ ಸಿಂಗಲ್ಸ್‌ನಲ್ಲಿ ಕೊನೆಯ ಸೆಟ್ 6-6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಆಡುತ್ತಾರೆ. ಸರದಿ, ಬದಿ, ಎರಡರ ಅಂತರ ಎಲ್ಲವೂ ಹಳೆಯವೇ, ಗುರಿ ಮಾತ್ರ ಏಳರ ಬದಲು ಹತ್ತು. ಕೆಲವು ಟೂರ್ನಿಗಳ ಮಿಶ್ರ ಡಬಲ್ಸ್‌ನಲ್ಲಿ ಇದು ಮೂರನೇ ಸೆಟ್‌ನ ಜಾಗವನ್ನೇ ತೆಗೆದುಕೊಂಡಿದೆ. ಕೊಡಗಿನ ರೋಹನ್ ಬೋಪಣ್ಣ 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋಸ್ಕಿ ಜೊತೆಗೂಡಿ ಗೆದ್ದದ್ದು 2-6, 6-2, 12-10ರಿಂದ. ಎರಡು ಸೆಟ್ ಮುಗಿದಾಗ ಎರಡೂ ಜೋಡಿಗಳು ಗೆದ್ದ ಗೇಮ್‌ಗಳು ಎಂಟೆಂಟು. ಕೊನೆಯ 12-10 ಗೇಮ್‌ಗಳ ಲೆಕ್ಕವಲ್ಲ. ಅದು 22 ಪಾಯಿಂಟ್‌ಗಳ ಒಂದು ಟೈಬ್ರೇಕ್.