ಪಾಪುವಿನ ಸೀಟು ಕೂತ ಮೇಲೆ ಅಜ್ಜಿಗೆ ಜಾಗ ಎಲ್ಲಿ?

ಕಾರಿನ ಶೋರೂಮಿನಲ್ಲಿ ಹಿಂದಿನ ಸೀಟಿನ ಜಾಗ ತೋರಿಸುವುದಕ್ಕೆ ಒಂದು ಪದ್ಧತಿಯಿದೆ. ಮುಂದಿನ ಸೀಟನ್ನು ಮೊದಲೇ ಮುಂದಕ್ಕೆ ಸರಿಸಿಟ್ಟಿರುತ್ತಾರೆ. ನೀವು ಹಿಂದೆ ಕೂತು ಕಾಲು ಚಾಚುತ್ತೀರಿ. ‘ನೋಡಿ ಸಾರ್, ಎಷ್ಟು ಲೆಗ್‌ರೂಮ್!’ ಎಂಬ ಮಾತು ಕಿವಿಗೆ ಬೀಳುತ್ತದೆ. ದೊಡ್ಡವರೇ ಓಡಾಡುವ ಕಾರಾದರೆ ಇಷ್ಟು ನೋಡಿದರೆ ಸಾಕೋ ಏನೋ. ಮನೆಯಲ್ಲಿ ಹಾಲು ಕುಡಿಯುವ ಕೂಸಿದ್ದರೆ ಸಾಲದು. ಏಕೆಂದರೆ ಕಾರಿನಲ್ಲಿ ಅತಿ ಹೆಚ್ಚು ಜಾಗ ಬೇಡುವುದು ಮನೆಯ ಅತಿ ಚಿಕ್ಕ ಸದಸ್ಯನೇ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ, ನಾಲ್ಕು ವರ್ಷದ ಮಗಳು, ಆರು ತಿಂಗಳ ಮಗ, ಜೊತೆಗೆ ಅಜ್ಜಿ. ತಿಂಗಳಿಗೊಮ್ಮೆ ಹಾಸನದ ಕಡೆ ಊರಿಗೆ ಹೋಗಿಬರಬೇಕು. ನಾಲ್ಕು ಮೀಟರಿನೊಳಗಿನ ಉದ್ದದ ಸಣ್ಣ ಎಸ್‌ಯುವಿ ನೋಡಿದ್ದಾರೆ. ನಾಲ್ಕು ಮೀಟರ್ ದಾಟದ, ಚಿಕ್ಕ ಎಂಜಿನ್ನಿನ ಕಾರಿಗೆ ನಮ್ಮಲ್ಲಿ ತೆರಿಗೆ ಕಡಿಮೆ. ಹಾಗಾಗಿ ಈ ಅಳತೆಯ ಕಾರುಗಳೇ ರಸ್ತೆ ತುಂಬ. ಐದು ಜನ, ಐದು ಸೀಟು, ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಲೆಕ್ಕ ತಪ್ಪುವುದು ಕೂಸು ಅಮ್ಮನ ತೊಡೆಯಿಂದ ಇಳಿದಾಗ. ಇಳಿಯಲೇಬೇಕೇ ಎಂದು ಕೇಳುವವರಿಗೆ ಒಂದು ಸಣ್ಣ ಗಣಿತ ಹೇಳಬಹುದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ 10 ಕೆಜಿ ತೂಕದ ಮಗು ಅಮ್ಮನ ಕೈಯಲ್ಲಿ ಹೆಚ್ಚುಕಡಿಮೆ 140 ಕೆಜಿ ಭಾರವಾಗಿ ಮುಂದಕ್ಕೆ ನುಗ್ಗುತ್ತದೆ. ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಆ ಭಾರ ಹಿಡಿಯುವ ತೋಳು ಯಾರಿಗೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿಯೂ ಈ ವಿಷಯವಿದೆ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರವಾಗಿ ಕೂರಿಸದಿದ್ದರೆ ಸಾವಿರ ರೂಪಾಯಿ ದಂಡ. ಯಾರಾದರೂ ಈ ದಂಡ ಕಟ್ಟಿದ್ದನ್ನು ನಾನಂತೂ ಕಂಡಿಲ್ಲ, ಆ ಮಾತು ಬೇರೆ.

ಕೂಸಿನ ಸೀಟು ಹಿಮ್ಮುಖವಾಗಿರಬೇಕು. ಮಗುವಿನ ಬೆನ್ನು ಕಾರು ಹೋಗುವ ದಿಕ್ಕಿಗೆ, ಮುಖ ಕಾರಿನ ಹಿಂಬದಿಗೆ. ಎಳೆಗೂಸಿನ ತಲೆ ಮೈಯ ಕಾಲು ಭಾಗದಷ್ಟು ದೊಡ್ಡದು, ಕತ್ತು ಇನ್ನೂ ಬಲಿತಿರುವುದಿಲ್ಲ. ಎದುರಿನಿಂದ ಗುದ್ದಿದಾಗ ಹಿಮ್ಮುಖ ಸೀಟಿನ ಚಿಪ್ಪು ಆ ಹೊಡೆತವನ್ನು ಬೆನ್ನು, ತಲೆ, ಕತ್ತಿಗೆಲ್ಲ ಹಂಚಿಬಿಡುತ್ತದೆ. ಐ-ಸೈಜ್ ಎಂಬ ಯುರೋಪಿನ ನಿಯಮದ ಪ್ರಕಾರ ಹದಿನೈದು ತಿಂಗಳವರೆಗೆ ಇದು ಕಡ್ಡಾಯ. ಆ ಸೀಟಿಗೆ ಹೊಂದುವವರೆಗೆ ಇನ್ನೂ ಮುಂದುವರಿಸಿದರೆ ಒಳ್ಳೆಯದೇ.

ಜಾಗದ ತಕರಾರು ಶುರುವಾಗುವುದೂ ಈ ಸೀಟಿನಿಂದಲೇ. ಆರು ತಿಂಗಳ ಮಗುವನ್ನು ನೆಟ್ಟಗೆ ಕೂರಿಸುವಂತಿಲ್ಲ. ಕೂಸು ಎಳೆಯದಾದಷ್ಟೂ ಸೀಟು ಹೆಚ್ಚು ಒರಗಿರಬೇಕು, ನವಜಾತ ಶಿಶುವಿಗೆ ಸುಮಾರು 45 ಡಿಗ್ರಿ. ಒರಗಿದಷ್ಟೂ ಸೀಟಿನ ತಲೆಭಾಗ ಮುಂದಿನ ಸೀಟಿನ ಬೆನ್ನಿಗೆ ಹೋಗಿ ತಾಗುತ್ತದೆ. ಮಗು ಬೆಳೆದಂತೆ ನೆಟ್ಟಗಾಗಿಸಬಹುದು, ಜಾಗವೂ ಉಳಿಯುತ್ತದೆ. ಆದ್ದರಿಂದ ಪರೀಕ್ಷೆಯನ್ನು ಅತಿ ಒರಗಿದ ಸ್ಥಿತಿಯಲ್ಲೇ ಮಾಡಬೇಕು. ಕೆಲವರು ಜಾಗ ಉಳಿಸಲು ಕೂಸಿನ ಸೀಟನ್ನು ಬೇಗನೆ ನೆಟ್ಟಗೆ ಮಾಡಿಬಿಡುತ್ತಾರೆ. ನಿದ್ದೆ ಬಂದಾಗ ಮಗುವಿನ ತಲೆ ಮುಂದಕ್ಕೆ ವಾಲಿ ಗಲ್ಲ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಎಳೆಗೂಸುಗಳಲ್ಲಿ ಇದು ಅಪಾಯ. ಇನ್ನೊಂದು ತೊಡಕಿದೆ. ತೊಡೆಗೆ ಆಧಾರ ಸಿಗಲೆಂದು ಎಷ್ಟೋ ಕಾರುಗಳ ಹಿಂದಿನ ಸೀಟಿನ ದಿಂಬನ್ನು ಮುಂದೆ ಎತ್ತರ, ಹಿಂದೆ ತಗ್ಗು ಮಾಡಿರುತ್ತಾರೆ. ಅದರ ಮೇಲೆ ಹಿಮ್ಮುಖ ಸೀಟು ಇಟ್ಟರೆ ತಾನಾಗಿಯೇ ನೆಟ್ಟಗಾಗುತ್ತದೆ. ಸೀಟಿನ ಪಕ್ಕದಲ್ಲಿರುವ ಮಟ್ಟದ ಗೆರೆ ನೆಲಕ್ಕೆ ಸಮನಾಗಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ನಮ್ಮ ಕುಟುಂಬದ ಕಾರಿಗೆ ಮರಳೋಣ. ಅಪ್ಪ ಐದು ಅಡಿ ಹತ್ತು ಇಂಚು, ಅವರೇ ಓಡಿಸುವುದು. ಅವರ ಹಿಂದೆ ಹಿಮ್ಮುಖ ಸೀಟು ಇಟ್ಟರೆ ಡ್ರೈವರ್ ಸೀಟು ಮುಂದೆ ಸರಿಯಲೇಬೇಕು. ಸ್ಟಿಯರಿಂಗಿನ ನಡುವಿಗೂ ಓಡಿಸುವವರ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು, ಇಲ್ಲವಾದರೆ ಬಿಚ್ಚಿಕೊಳ್ಳುವ ಏರ್‌ಬ್ಯಾಗೇ ಪೆಟ್ಟು ಕೊಡುತ್ತದೆ. ಹೀಗಾಗಿ ಕೂಸಿನ ಜಾಗ ಎಡಗಡೆ, ಮುಂದೆ ಕೂರುವ ಗಿಡ್ಡನೆಯವರ ಹಿಂದೆ. ಫುಟ್‌ಪಾತ್ ಬದಿಯಿಂದ ಮಗುವನ್ನು ಹತ್ತಿಸಿ ಇಳಿಸಲೂ ಇದೇ ಅನುಕೂಲ. ಅಮ್ಮನನ್ನು ಮುಂದಿನ ಎಡ ಸೀಟಿನಲ್ಲಿ ಆರಾಮಾಗಿ ಕೂರಿಸಿ, ಅವರ ಹಿಂದೆ ಮಗುವಿನ ಸೀಟನ್ನು ಪೂರ್ತಿ ಒರಗಿಸಿ ಬಿಗಿದು ನೋಡಬೇಕು. ನಾಲ್ಕು ಬೆರಳು ಮುಂದೆ ಸರಿದು ಕೂತರೆ ಸಾಕೆನ್ನಿಸಿದರೆ ಪರವಾಗಿಲ್ಲ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿದರೆ ಆ ಕಾರು ಅವರಿಗಲ್ಲ. ಕೂಸಿನ ಸೀಟು ಮುಂದಿನ ಸೀಟಿಗೆ ತಾಗಬಹುದೇ, ಬಾರದೇ ಎಂಬುದನ್ನು ಆಯಾ ಸೀಟಿನ ಕೈಪಿಡಿ ಹೇಳುತ್ತದೆ.

ಹಿಂದೆ ಹಿಡಿಸಲಿಲ್ಲವೆಂದು ಹಿಮ್ಮುಖ ಸೀಟನ್ನು ಮುಂದೆ ತಂದು ಕಟ್ಟುವವರಿದ್ದಾರೆ. ಈಗಿನ ಹೊಸ ಕಾರುಗಳಲ್ಲಿ ಮುಂದಿನ ಎಡ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಅದು ಬಿಚ್ಚಿಕೊಂಡರೆ ನೇರವಾಗಿ ಕೂಸಿನ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆ, ಗುದ್ದುತ್ತದೆ. ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ಇಲ್ಲದ ಕಾರಿನಲ್ಲಿ ಈ ಸಾಹಸ ಮಾಡಲೇಬಾರದು.

ಇನ್ನು ಅಗಲದ ಪ್ರಶ್ನೆ. ಇಲ್ಲಿ ಅಜ್ಜಿ ಬರುತ್ತಾರೆ. ಮಕ್ಕಳ ಸೀಟನ್ನು ಭದ್ರಪಡಿಸುವ ಐಸೋಫಿಕ್ಸ್ ಎಂದರೆ ಹಿಂದಿನ ಸೀಟಿನ ದಿಂಬು ಮತ್ತು ಬೆನ್ನು ಕೂಡುವ ಸಂದಿಯಲ್ಲಿ ಚಾಸಿಗೆ ಬೆಸೆದಿರುವ ಎರಡು ಕಬ್ಬಿಣದ ಕೊಕ್ಕೆಗಳು. ಇವೆರಡರ ನಡುವಿನ ಅಂತರ ಎಲ್ಲ ಕಾರುಗಳಲ್ಲೂ 28 ಸೆಂಟಿಮೀಟರ್. ಸಾಮಾನ್ಯವಾಗಿ ಎಡ ಬದಿಗೆ ಒಂದು ಜೋಡಿ, ಬಲ ಬದಿಗೆ ಒಂದು ಜೋಡಿ. ಕೊಕ್ಕೆಗಳು ಅಲುಗಾಡುವಂತಿಲ್ಲವಾದ್ದರಿಂದ ಮಕ್ಕಳ ಸೀಟನ್ನು ಬಾಗಿಲಿನ ಕಡೆ ಸರಿಸಲು ಬರುವುದಿಲ್ಲ. ಹಾಗಾಗಿ ಬ್ರೋಷರಿನಲ್ಲಿ ಬರೆದ ಅಗಲ ಇಲ್ಲಿ ಉಪಯೋಗಕ್ಕೆ ಬಾರದು. ಟೇಪು ಹಿಡಿದು ಎಡ ಜೋಡಿಯ ನಡುಮಧ್ಯದಿಂದ ಬಲ ಜೋಡಿಯ ನಡುಮಧ್ಯದವರೆಗೆ ಅಳೆಯಿರಿ. ಅದರಿಂದ ಒಂದು ಮಕ್ಕಳ ಸೀಟಿನ ಅಗಲ ಕಳೆಯಿರಿ. ಉಳಿದದ್ದು ನಡುವಿನ ಜಾಗ. ನಮ್ಮ ಕಾರಿನಲ್ಲಿ ಅಳತೆ 72 ಸೆಂಟಿಮೀಟರ್ ಬಂತು, ಸೀಟುಗಳು ತಲಾ 44 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಉಳಿಯುವುದು 28 ಸೆಂಟಿಮೀಟರ್, ಒಂದು ಅಡಿಗೂ ಕಡಿಮೆ. ಸೀರೆಯುಟ್ಟ ಅಜ್ಜಿಗೆ ಹಾಸನದವರೆಗೆ ಅಷ್ಟರಲ್ಲಿ ಕೂರಲಾಗುವುದಿಲ್ಲ. ಹೇಗೋ ನುಸುಳಿ ಕೂತರೂ ಬೆಲ್ಟಿನ ಬಕಲ್ ಮಕ್ಕಳ ಸೀಟಿನಡಿ ಸಿಕ್ಕಿಕೊಂಡಿರುತ್ತದೆ. ಬೆಲ್ಟ್ ಹಾಕಲಾಗದ ಜಾಗ ಜಾಗವೇ ಅಲ್ಲ.

ಮಗಳ ವಿಷಯದಲ್ಲಿ ಸ್ವಲ್ಪ ಅವಕಾಶವಿದೆ. ಅವಳಿಗೆ 15 ಕೆಜಿ ಮೀರಿ ಮೀಟರ್ ಎತ್ತರ ದಾಟಿದ್ದರೆ ಬೆನ್ನಿರುವ ಬೂಸ್ಟರ್ ಸೀಟು ಆಗಬಹುದು. ಕಾರಿನ ಬೆಲ್ಟಿನಿಂದಲೇ ಹಿಡಿಸುವ ಮಾದರಿಯಾದರೆ ಅದನ್ನು ಬಾಗಿಲ ಕಡೆ ಮೂರು ನಾಲ್ಕು ಬೆರಳು ಸರಿಸಬಹುದು, ಬೆಲ್ಟು ಅವಳ ಭುಜದ ನಡುವೆ ಮತ್ತು ಸೊಂಟದ ಕೆಳಭಾಗದಲ್ಲಿ ಸರಿಯಾಗಿ ಹಾಯುವವರೆಗೆ. ಅಷ್ಟಾದರೂ ಅಜ್ಜಿಗೆ 36 ಸೆಂಟಿಮೀಟರ್ ದಾಟುವುದು ಕಷ್ಟ. ಈ ಕುಟುಂಬ ಐದೂ ಜನ ಪ್ರತಿ ಸಲವೂ ಒಟ್ಟಿಗೆ ಹೋಗುವವರಾದರೆ ಮೂರು ಸಾಲಿನ ಕಾರು ನೋಡುವುದೇ ಸರಿ. ಅಜ್ಜಿ ವರ್ಷಕ್ಕೆರಡು ಬಾರಿ ಬಂದುಹೋಗುವವರಾದರೆ ಸಣ್ಣ ಎಸ್‌ಯುವಿ ಸಾಕು, ದುಬಾರಿ ಕಾರಿನ ಸಾಲದ ಕಂತು ಕಟ್ಟುವ ಅಗತ್ಯವಿಲ್ಲ.

ಮೂರು ಸಾಲಿನ ಕಾರಿಗೂ ಒಂದು ಮಾತು. ಎಷ್ಟೋ ಕಾರುಗಳಲ್ಲಿ ಹಿಂದಿನ ಸಾಲಿಗೆ ಹೋಗಲು ಎರಡನೇ ಸಾಲಿನ ಸೀಟನ್ನು ಮಡಚಬೇಕು, ಕೆಲವಲ್ಲಿ ಒಂದು ಬದಿ ಮಾತ್ರ ಮಡಚುತ್ತದೆ. ಕೂಸಿನ ಸೀಟು ಬಿಗಿದ ಬದಿ ಮಡಚಲಾಗದು, ಆ ಬದಿಯಿಂದ ಹಿಂದಕ್ಕೆ ದಾರಿಯೂ ಇರದು. ಎರಡನೇ ಸಾಲಿನಲ್ಲಿ ಬಿಡಿ ಸೀಟುಗಳಿದ್ದು, ನಡುವೆ ನಡೆದುಹೋಗುವಷ್ಟು ಅಂತರವಿದ್ದರೆ ಈ ಗೊಡವೆಯಿಲ್ಲ.

‘ಐಸೋಫಿಕ್ಸ್ ಇದೆ ಮೇಡಂ’ ಎಂದ ಕೂಡಲೇ ಸಮಾಧಾನಪಡಬೇಡಿ. ಎರಡು ಕೊಕ್ಕೆ ಸೀಟು ಜಾರದಂತೆ ಹಿಡಿಯುತ್ತವೆ, ಆದರೆ ಸೀಟು ಮುಂದಕ್ಕೆ ಮಗುಚದಂತೆ ಹಿಡಿಯಲು ಮೂರನೇ ಆಧಾರ ಬೇಕು. ಮುಮ್ಮುಖ ಸೀಟುಗಳಲ್ಲಿ ಅದು ಸಾಮಾನ್ಯವಾಗಿ ಮೇಲಿನಿಂದ ಹಿಂದಕ್ಕೆ ಎಳೆದು ಕಟ್ಟುವ ಟಾಪ್ ಟೆದರ್ ಪಟ್ಟಿ. ಹಿಮ್ಮುಖ ಸೀಟುಗಳಲ್ಲಿ ಹೆಚ್ಚಾಗಿ ಕಾರಿನ ನೆಲಕ್ಕೆ ಊರುವ ಕಾಲು. ಟೆದರ್ ಕೊಕ್ಕೆ ಸೀಟಿನ ಬೆನ್ನ ಹಿಂದೆಯೋ ಡಿಕ್ಕಿಯ ನೆಲದಲ್ಲಿಯೋ ಇರುತ್ತದೆ, ಲಗೇಜ್ ಕಟ್ಟುವ ಕೊಕ್ಕೆಯೂ ಅಲ್ಲಿಯೇ ಇರುವುದರಿಂದ ಅದಲು ಬದಲಾಗುವುದುಂಟು. ಕಾಲು ಊರುವ ಕಡೆ ನೆಲದಡಿ ಸಾಮಾನಿಡುವ ಪೆಟ್ಟಿಗೆಯಿದ್ದರೆ ಮುಚ್ಚಳ ಆ ಭಾರ ತಡೆಯದು. ಆ ಸೀಟಿಗೆ ಆ ಕಾರು ಆಗುತ್ತದೆಯೇ ಎಂದು ಸೀಟು ತಯಾರಿಸಿದವರ ಪಟ್ಟಿಯಲ್ಲಿ ನೋಡಬೇಕು. ಬೆಲ್ಟಿನಿಂದ ಕಟ್ಟುವ ಹಿಮ್ಮುಖ ಸೀಟಾದರೆ ಬೆಲ್ಟು ಸುತ್ತಿ ಬರುವಷ್ಟು ಉದ್ದವಿದೆಯೇ ಎಂಬುದು ಮುಖ್ಯ. ಒಂದು ಗೇಣು ಕಡಿಮೆ ಬಿದ್ದು ಬಕಲ್‌ಗೆ ಎಟುಕದ ಕಾರುಗಳಿವೆ. ಬಿಚ್ಚಲಾಗದ ಹಿಂದಿನ ಹೆಡ್‌ರೆಸ್ಟ್ ಮುಮ್ಮುಖ ಸೀಟಿನ ಬೆನ್ನನ್ನು ತಳ್ಳಿ ಹಿಂದೆ ಸಂದಿ ಮಾಡುತ್ತದೆ.

ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರಗಳಲ್ಲಿ ಮಕ್ಕಳ ರಕ್ಷಣೆಗೇ ಪ್ರತ್ಯೇಕ 49 ಅಂಕಗಳಿವೆ. ಅವನ್ನು ನೋಡಿಯೇ ಕಾರು ಆರಿಸಿ. ಆದರೆ ಅಲ್ಲಿ ಹಿಂದೆ ಕೂರುವುದು ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಅಳತೆಯ ಎರಡು ಬೊಂಬೆಗಳು ಮಾತ್ರ. ಅಜ್ಜಿಯ ಬೊಂಬೆ ಅಲ್ಲಿಲ್ಲ.

ಆದ್ದರಿಂದ ಮಕ್ಕಳ ಸೀಟನ್ನು ಮೊದಲು ಕೊಳ್ಳಿ, ಕಾರನ್ನು ಆಮೇಲೆ. ಸೀಟು, ಟೇಪು, ಮನೆಮಂದಿ ಎಲ್ಲ ಶೋರೂಮಿಗೆ ಹೋಗಲಿ. ಟೆಸ್ಟ್ ಡ್ರೈವ್ ಕಾರಿನಲ್ಲಿ ಸೀಟು ಬಿಗಿದ ಮೇಲೆ ಅದರ ಬುಡವನ್ನು ಹಿಡಿದು ಅಲುಗಿಸಿ. ಎಡಕ್ಕೋ ಬಲಕ್ಕೋ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಆಡಿದರೆ ಅದು ಸರಿಯಾಗಿ ಕೂತಿಲ್ಲ. ಮಗುವನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ನೋಡಿ. ಬಾಗಿಲು ಸಾಕಷ್ಟು ತೆರೆಯುತ್ತದೆಯೇ, ನಿಮ್ಮ ಸೊಂಟ ಎಷ್ಟು ಬಗ್ಗುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ. ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಕೊಡಲೊಲ್ಲದ ಶೋರೂಮಿನಲ್ಲಿ ಅಡ್ವಾನ್ಸ್ ಕಟ್ಟಬೇಡಿ.