ಬುಕ್ಕಿಂಗ್ ಆದ ಮೇಲಿನ ಕಸಿವಿಸಿ

ಎಂಟು ಲಕ್ಷ ರೂಪಾಯಿ ಮುಂಗಡ ಕೊಟ್ಟು ಮನೆಗೆ ಬಂದ ರಾತ್ರಿ ನಿದ್ದೆ ಬರುವುದಿಲ್ಲ. ಯಾಕೆ? ಕೊಡುವ ತನಕ ಇದ್ದ ಧೈರ್ಯ, ರಸೀದಿ ಕೈಗೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತದೆ? ನೀವು ಕಾರು, ಒಡವೆ, ಫ್ಲಾಟ್ ಇಂಥ ಏನನ್ನಾದರೂ ಕೊಂಡಿದ್ದರೆ ಈ ಕಸಿವಿಸಿಯ ಪರಿಚಯ ನಿಮಗೆ ಇದ್ದೇ ಇರುತ್ತದೆ. ಮಾರುವವರಿಗಂತೂ ಅದು ಚೆನ್ನಾಗಿ ಗೊತ್ತು. ಮಾರಾಟ ಮುಗಿದ ಮೇಲೂ ಅವರ ಸಂದೇಶಗಳು ನಿಲ್ಲದೆ ಬರುವುದು ಅದಕ್ಕೇ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಕಲಬುರಗಿಯಿಂದ ಹೋಗಿ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿರುವ ಗಂಡ ಹೆಂಡತಿ. ಅವರ ಮುಂದೆ ಎರಡು ಮನೆಗಳಿವೆ. ಒಂದು ಟೋಲಿಚೌಕಿಯಲ್ಲಿ, ಸಿದ್ಧವಾಗಿರುವ ಹಳೆಯ ಫ್ಲಾಟ್. ಸುತ್ತ ಬಂಧುಬಳಗ, ಮಕ್ಕಳ ಶಾಲೆ, ಬೇಕಾದ ಅಂಗಡಿಗಳೆಲ್ಲ ಕಾಲ್ನಡಿಗೆಯಲ್ಲಿ. ಇನ್ನೊಂದು ತೆಲ್ಲಾಪುರದಲ್ಲಿ, ಇನ್ನೂ ಕಟ್ಟುತ್ತಿರುವ ಗೇಟೆಡ್ ಸಮುಚ್ಚಯದಲ್ಲಿ. ಲಿಫ್ಟು, ಮಕ್ಕಳಿಗೆ ಆಡಲು ಜಾಗ, ಗಚ್ಚಿಬೌಲಿಯ ಆಫೀಸಿಗೆ ಹತ್ತಿರ. ಎರಡಕ್ಕೂ 80 ಲಕ್ಷ. ತಿಂಗಳುಗಟ್ಟಲೆ ಯೋಚಿಸಿ ತೆಲ್ಲಾಪುರವನ್ನು ಆರಿಸುತ್ತಾರೆ.

ಮಾರನೇ ದಿನ ದೊಡ್ಡಪ್ಪನ ಮಗ ಲೆಕ್ಕ ಹಾಕಿ ಹೇಳುತ್ತಾನೆ: "ಕಟ್ತಾ ಇರೋ ಫ್ಲಾಟಿಗೆ ಶೇ. 5 ಜಿಎಸ್‌ಟಿ, ಅಂದ್ರೆ 4 ಲಕ್ಷ. ಹಳೇ ಫ್ಲಾಟಿಗೆ ಅದು ಇರ್ತಿರಲಿಲ್ಲ. ಕೀ ಸಿಗೋಕೆ 30 ತಿಂಗಳು ಅಂತೀಯ. ಅಲ್ಲಿವರೆಗೆ ತಿಂಗಳಿಗೆ 25,000 ಬಾಡಿಗೆ, ಅದು ಏಳೂವರೆ ಲಕ್ಷ. ಹನ್ನೊಂದೂವರೆ ಲಕ್ಷ ಸುಮ್ನೆ ಹೋಯ್ತಲ್ಲಪ್ಪಾ!"

ಲೆಕ್ಕ ಸರಿಯಾಗಿಯೇ ಇದೆ. ಹೊಸ ವಿಷಯವೇನೂ ಅಲ್ಲ, ಇವರೂ ಮೊದಲೇ ಹಾಕಿದ್ದ ಲೆಕ್ಕ. ಆದರೂ ಈಗ ಚುಚ್ಚುತ್ತದೆ. 'ನಾನು ತಿಳಿದು ನಡೆಯುವವನು' ಎಂಬ ಭಾವನೆ ಒಂದು ಕಡೆ, 'ನಾನು ಬಿಟ್ಟ ಮನೆಯಲ್ಲಿ ಇಷ್ಟೆಲ್ಲ ಲಾಭವಿತ್ತು' ಎಂಬ ಅರಿವು ಇನ್ನೊಂದು ಕಡೆ. ಒಂದೇ ತಲೆಯಲ್ಲಿ ಇವೆರಡೂ ಸುಖವಾಗಿ ಇರಲಾರವು. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಕಾಗ್ನಿಟಿವ್ ಡಿಸೊನೆನ್ಸ್ ಎಂದು ಹೆಸರಿಟ್ಟರು. ನಾವು ಅರಿವಿನ ಅಪಶ್ರುತಿ ಎನ್ನಬಹುದು. (ಈ ಯೋಚನೆ ಹುಟ್ಟಲು ಕಾರಣವಾದ ಒಂದು ಸಂಗತಿ ನಮ್ಮ ದೇಶದ್ದೇ. 1934ರ ಬಿಹಾರ ಭೂಕಂಪದ ನಂತರ, ನಡುಕ ಅನುಭವಿಸಿಯೂ ಹಾನಿಗೊಳಗಾಗದ ಜನರಲ್ಲಿ 'ಇನ್ನೂ ದೊಡ್ಡದು ಬರಲಿದೆ' ಎಂಬ ವದಂತಿಗಳು ಹಬ್ಬಿದ್ದವು. ಭಯ ಆಗಲೇ ಇತ್ತು, ಅದಕ್ಕೊಂದು ಕಾರಣ ಬೇಕಿತ್ತು ಅಷ್ಟೆ.)

ಎಲ್ಲ ಖರೀದಿಗೂ ಈ ಅಪಶ್ರುತಿ ಹುಟ್ಟುವುದಿಲ್ಲ. ಹಣ ದೊಡ್ಡದಿರಬೇಕು, ಹಿಂದಕ್ಕೆ ಬರುವುದು ಕಷ್ಟವಿರಬೇಕು, ಆಯ್ಕೆ ನಮ್ಮದೇ ಆಗಿರಬೇಕು. ಅಪ್ಪನೇ ತೀರ್ಮಾನಿಸಿದ್ದರೆ ಮಗನಿಗೆ ಸಿಟ್ಟು ಬರಬಹುದು, ಈ ಕಸಿವಿಸಿ ಅಷ್ಟಾಗಿ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿಟ್ಟದ್ದೂ ಆರಿಸಿಕೊಂಡದ್ದೂ ಹೆಚ್ಚುಕಮ್ಮಿ ಸಮನಾಗಿರಬೇಕು. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಸಂಶೋಧಕರು ಮಹಿಳೆಯರಿಗೆ ಟೋಸ್ಟರ್, ರೇಡಿಯೋದಂಥ ಮನೆಬಳಕೆಯ ವಸ್ತುಗಳನ್ನು ತೋರಿಸಿ ಅಂಕ ಕೊಡಿಸಿದರು. ಆಮೇಲೆ ಎರಡು ವಸ್ತು ಮುಂದಿಟ್ಟು, ಒಂದನ್ನು ಮನೆಗೆ ಒಯ್ಯಿರಿ ಎಂದರು. ಆರಿಸಿಕೊಂಡ ಬಳಿಕ ಮತ್ತೆ ಅಂಕ ಕೇಳಿದಾಗ, ಕೈಗೆ ಬಂದದ್ದರ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ಎರಡೂ ಮೊದಲು ಸಮಸಮ ಇದ್ದಾಗ ಈ ಬದಲಾವಣೆ ಹೆಚ್ಚು. ವಸ್ತು ಅದೇ, ನೋಡುವ ಮನಸ್ಸು ಬದಲಾಗಿತ್ತು.

ಅಂದರೆ ಕಸಿವಿಸಿಯಲ್ಲಿರುವ ಮನಸ್ಸು ಸುಮ್ಮನೆ ಕೂರುವುದಿಲ್ಲ, ತನ್ನ ಆಯ್ಕೆಯನ್ನು ಹೊಗಳುವ ಮಾತನ್ನು ಹುಡುಕುತ್ತದೆ. ಹೊಸ ಕಾರು ಕೊಂಡವರು ಬೇರೆ ಕಾರುಗಳಿಗಿಂತ ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚಾಗಿ ಓದುತ್ತಾರೆ ಎಂದು 1957ರ ಇನ್ನೊಂದು ಅಧ್ಯಯನ ತೋರಿಸಿತು. ಕಂಪೆನಿಗಳಿಗೆ ಇದು ದೊಡ್ಡ ಸುಳಿವು. ಕೊಂಡವನು ಹೇಗೂ ಸಮಾಧಾನ ಹುಡುಕುತ್ತಾನೆ, ಅದನ್ನು ನಾವೇ ಯಾಕೆ ಕೊಡಬಾರದು?

ಹೇಗೆ ಕೊಡಬೇಕು ಎನ್ನುವುದರಲ್ಲಿ ಒಂದು ಸ್ವಾರಸ್ಯವಿದೆ. 1970ರಲ್ಲಿ ಶೆಲ್ಬಿ ಹಂಟ್ ಎಂಬ ಪ್ರಾಧ್ಯಾಪಕರು ರೆಫ್ರಿಜರೇಟರ್ ಕೊಂಡವರ ಮೇಲೆ ಪ್ರಯೋಗ ನಡೆಸಿದರು. ಕೆಲವರಿಗೆ ಅಂಗಡಿಯಿಂದ ಪತ್ರ ಹೋಯಿತು, ಕೆಲವರಿಗೆ ಫೋನ್ ಹೋಯಿತು, ಕೆಲವರಿಗೆ ಏನೂ ಇಲ್ಲ. ಪತ್ರ ಪಡೆದವರ ಕಸಿವಿಸಿ ಕಡಿಮೆಯಾಗಿತ್ತು. ಆದರೆ ಫೋನ್ ಬಂದವರ ಸ್ಥಿತಿ ಏನೂ ಬರದವರಿಗಿಂತ ಕೆಟ್ಟಿತ್ತು. ಯಾಕಿರಬಹುದು? ಫೋನ್ ಬಂದ ಕೂಡಲೇ 'ಇನ್ನೇನು ಮಾರೋಕೆ ಬಂದ?' ಎಂಬ ಅನುಮಾನ ಏಳುತ್ತದೆ ಎನ್ನುವುದು ಒಂದು ವಿವರಣೆ. ಪತ್ರವನ್ನು ನಮ್ಮ ಬಿಡುವಿನಲ್ಲಿ ಓದಿ ಇಟ್ಟುಕೊಳ್ಳಬಹುದು. ಫೋನಿಗೆ ಆ ಗಳಿಗೆಯಲ್ಲೇ ಉತ್ತರ ಕೊಡಬೇಕು.

ಹಾಗಾದರೆ ಫೋನ್ ಮಾಡಲೇಬಾರದೇ? ಅದೇ ವರ್ಷ ಡಾನೆಲಿ ಮತ್ತು ಇವಾನ್ಸೆವಿಚ್ ಎಂಬಿಬ್ಬರು ಕಾರಿಗೆ ಸಹಿ ಹಾಕಿ ಡೆಲಿವರಿಗಾಗಿ ಕಾಯುತ್ತಿದ್ದವರನ್ನು ಅಭ್ಯಸಿಸಿದರು. ಅಲ್ಲಿ ಫೋನ್ ಮಾಡಿ ಮಾತಾಡಿಸಿದವರಲ್ಲಿ ಖರೀದಿ ರದ್ದು ಮಾಡಿದವರ ಸಂಖ್ಯೆ ಕಡಿಮೆಯಾಗಿತ್ತು. ಫ್ರಿಜ್ ಆಗಲೇ ಅಡುಗೆಮನೆಯಲ್ಲಿದೆ, ಕಾರು ಇನ್ನೂ ಬಂದಿಲ್ಲ. ಈ ವ್ಯತ್ಯಾಸವೇ ಮುಖ್ಯ ಎಂದು ನನಗನಿಸುತ್ತದೆ. ಕಾಯುವವನ ಕೈಯಲ್ಲಿ ನೋಡಲು, ಮುಟ್ಟಲು ಏನೂ ಇರುವುದಿಲ್ಲ, ಸುದ್ದಿಯೊಂದೇ ಅವನಿಗೆ ಆಧಾರ. ಫ್ಲಾಟಿನಲ್ಲಂತೂ ಈ ಕಾಯುವಿಕೆ ವಾರಗಳದ್ದಲ್ಲ, ವರ್ಷಗಳದ್ದು.

ಈಗ ತೆಲ್ಲಾಪುರದ ದಂಪತಿಗೆ ವಾಪಸ್ ಬರೋಣ. ಬಿಲ್ಡರ್ ಒಳ್ಳೆಯವನಾಗಿದ್ದರೆ ಮೊದಲ ವಾರವೇ ಒಂದು ಪತ್ರ ಬರುತ್ತದೆ. ಅದರಲ್ಲಿ ಇವರ ಫ್ಲಾಟಿನ ನಂಬರು, ಅದಕ್ಕೆ ಸೇರುವ ಜಮೀನಿನ ಅವಿಭಜಿತ ಪಾಲು ಎಷ್ಟು ಚದರ ಗಜ, ಯೋಜನೆಯ ರೇರಾ ನೋಂದಣಿ ಸಂಖ್ಯೆ, ಮುಂದಿನ ಕಂತು ಯಾವ ಹಂತದಲ್ಲಿ, ಅನುಮಾನ ಬಂದರೆ ಯಾರನ್ನು ಕೇಳಬೇಕು ಎಂಬುದೆಲ್ಲ ಇರುತ್ತದೆ. ಆಮೇಲೆ ಇವರದೇ ಟವರಿನ ಇವರದೇ ಮಹಡಿಯ ಸ್ಲ್ಯಾಬ್ ಬಿದ್ದಾಗ ತೆಗೆದ ಫೋಟೋ, ತಾರೀಕಿನ ಸಮೇತ. ಕೆಲಸ ತಡವಾದರೆ ತಡವಾಯಿತೆಂದು ಬರೆದಿರುತ್ತದೆ. ಇಂಥ ಪತ್ರ ಕಸಿವಿಸಿ ಇಳಿಸುವುದು ಹೊಗಳಿಕೆಯಿಂದಲ್ಲ. ದೊಡ್ಡಪ್ಪನ ಮಗನಿಗೆ ಉತ್ತರ ಹೇಳಲು, ಹೋಗಿ ಪರೀಕ್ಷಿಸಿ ನೋಡಲು ಬರುವ ವಿಷಯಗಳನ್ನು ಅದು ಕೊಡುತ್ತದೆ.

ಇನ್ನೊಂದು ಬಗೆಯ ಸಂದೇಶವೂ ಇದೆ. "ಅಭಿನಂದನೆಗಳು! ನೀವು ಬುಕ್ ಮಾಡಿದ ಮೇಲೆ ಚದರಡಿಗೆ 300 ರೂಪಾಯಿ ಏರಿದೆ." ಓದಿದ ಕೂಡಲೇ ಎದೆ ಹಗುರವಾಗುತ್ತದೆ. 1,250 ಚದರಡಿಗೆ 3,75,000 ರೂಪಾಯಿ 'ಲಾಭ'. ಆದರೆ ಸ್ವಲ್ಪ ತಡೆದು ನೋಡಿ, ಈ ದರ ಏರಿಸಿದವರು ಯಾರು? ಅದೇ ಬಿಲ್ಡರ್, ತನ್ನದೇ ದರಪಟ್ಟಿಯಲ್ಲಿ. ನಾಳೆ ನೀವು ಮಾರಲು ಹೋದರೆ ಆ ದರಕ್ಕೆ ಕೊಳ್ಳುವವರು ಇದ್ದಾರೋ ಇಲ್ಲವೋ ಎನ್ನುವುದು ಬೇರೆಯೇ ಮಾತು. ಮುಂದಿನ ಸಂದೇಶ, "ನಿಮ್ಮ ಸ್ನೇಹಿತರನ್ನು ಕರೆತನ್ನಿ, ಬಹುಮಾನ ಪಡೆಯಿರಿ." ಇದರಲ್ಲಿ ಬಿಲ್ಡರಿಗೆ ಎರಡು ಲಾಭ. ಹೊಸ ಗಿರಾಕಿ ಸಿಗುತ್ತಾನೆ. ಜೊತೆಗೆ, ಭಾವಮೈದುನನ ಮುಂದೆ ಆ ಮನೆಯನ್ನು ಹೊಗಳಿದ ನೀವು ಇನ್ನು ಅದನ್ನು ತೆಗಳಲಾರಿರಿ. ಬೇರೆಯವರನ್ನು ಒಪ್ಪಿಸುತ್ತ ನಿಮ್ಮನ್ನು ನೀವೇ ಒಪ್ಪಿಸಿಕೊಂಡಿರುತ್ತೀರಿ.

ಅಪಾಯ ಇಲ್ಲಿದೆ. ಕಸಿವಿಸಿಯೆಲ್ಲ ಬರೀ ಮನಸ್ಸಿನ ಆಟವಲ್ಲ, ಕೆಲವೊಮ್ಮೆ ಅದು ನಿಜವಾದ ಎಚ್ಚರಿಕೆ. ಹೈದರಾಬಾದಿನ ಸುತ್ತ 'ಪ್ರೀ-ಲಾಂಚ್' ಹೆಸರಿನ ಮಾರಾಟ ನಡೆದದ್ದು ಸಾಕಷ್ಟಿದೆ. ರೇರಾ ನೋಂದಣಿ ಆಗುವ ಮೊದಲೇ, ಪೂರ್ತಿ ಹಣ ಒಟ್ಟಿಗೆ ಕೊಟ್ಟರೆ ಕಡಿಮೆ ದರ ಎಂಬ ಆಸೆ ತೋರಿಸುವುದು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಣಿ ಬೇಕಾದ ಯೋಜನೆಯಲ್ಲಿ ಅದಕ್ಕೂ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕ್ಕಿಂಗ್ ತೆಗೆದುಕೊಳ್ಳುವಂತಿಲ್ಲ. ಹಣ ಕೊಟ್ಟವರನ್ನೆಲ್ಲ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿ ದಿನಾ ಸಿಹಿಸುದ್ದಿ ಹಾಕುತ್ತಿದ್ದರೆ ಏನಾಗುತ್ತದೆ ಯೋಚಿಸಿ. ಯಾರೋ ಒಬ್ಬರು "ಅನುಮತಿ ಎಲ್ಲಿ?" ಎಂದು ಕೇಳಿದರೆ ಅವರ ಬಾಯಿ ಮುಚ್ಚಿಸಲು ಕಂಪೆನಿಯವರೇ ಬರಬೇಕಿಲ್ಲ, ಹಣ ಕಟ್ಟಿದ ಉಳಿದವರೇ ಸಾಕು. ಆ ಪ್ರಶ್ನೆ ನಿಜವಾದರೆ ತಾವು ಮೋಸ ಹೋದಂತೆ, ಅದನ್ನು ಒಪ್ಪುವುದಕ್ಕಿಂತ ಕೇಳಿದವನನ್ನು ಬೈಯುವುದು ಸುಲಭ.

ಹಾಗಾದರೆ ಬೇರ್ಪಡಿಸುವುದು ಹೇಗೆ? ನಿಮ್ಮನ್ನು ಕಾಡುವ ಪ್ರಶ್ನೆ ಯಾವ ಜಾತಿಯದು ಎಂದು ನೋಡಿ. 'ಟೋಲಿಚೌಕಿಯದೇ ಚೆನ್ನಾಗಿತ್ತೇನೋ' ಎನ್ನುವುದು ಹೋಲಿಕೆಯ ಪ್ರಶ್ನೆ. ಅದಕ್ಕೆ ಕೊನೆಯ ಉತ್ತರವೆಂಬುದೇ ಇಲ್ಲ, ದಿನ ಕಳೆದಂತೆ ತಾನೇ ಆರುತ್ತದೆ, ಒಳ್ಳೆಯ ಪತ್ರ ಬಂದರೆ ಬೇಗ ಆರುತ್ತದೆ. 'ನೋಂದಣಿ ಆಗಿದೆಯಾ, ನಕ್ಷೆಯಲ್ಲಿ ಎಷ್ಟು ಮಹಡಿಗೆ ಅನುಮತಿ ಇದೆ, ಮುಗಿಸುವ ತಾರೀಕು ಯಾವುದು' ಎನ್ನುವುದು ಸಂಗತಿಯ ಪ್ರಶ್ನೆ. ಅದನ್ನು ಯಾರ ಸಿಹಿಮಾತಿನಿಂದಲೂ ಆರಿಸಬಾರದು, ಕಾಗದ ನೋಡಿಯೇ ತೀರಿಸಬೇಕು.

ನೋಡಲು ಸರಿಯಾದ ಸಮಯವೂ ಒಂದಿದೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಮಾರಾಟದ ಕರಾರು ಬರೆದು ನೋಂದಣಿ ಮಾಡಿಸುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ನಮ್ಮ ದಂಪತಿಗೆ ಅದು ಆ 8 ಲಕ್ಷ. ಅಂದರೆ ಬುಕ್ಕಿಂಗಿಗೂ ಕರಾರಿಗೂ ನಡುವಿನ ಆ ಕೆಲವು ವಾರಗಳಲ್ಲಿ ಹೊರಬಂದರೆ ಆಗುವ ನಷ್ಟ ಆಮೇಲೆ ಆಗುವುದಕ್ಕಿಂತ ಕಡಿಮೆ. ಎಷ್ಟು ಹಣ ಮುರಿದುಕೊಳ್ಳುತ್ತಾರೆ ಎಂಬುದು ಬುಕ್ಕಿಂಗ್ ಫಾರಮ್ಮಿನಲ್ಲೇ ಇರುತ್ತದೆ, ಸಹಿಗೆ ಮೊದಲು ಓದಿ. ಕಂಪೆನಿಯ ಉಪಚಾರ ಅತಿ ಹೆಚ್ಚಾಗುವುದು ಸಹಜವಾಗಿಯೇ ಈ ವಾರಗಳಲ್ಲಿ.

ಆಗ ದಂಪತಿ ಮಾಡಬೇಕಾದ ಕೆಲಸ ಅರ್ಧ ಗಂಟೆಯದು. rera.telangana.gov.in ತೆರೆದು ಯೋಜನೆಯ ಹೆಸರು ಹುಡುಕುವುದು, ಪತ್ರದಲ್ಲಿರುವ ನೋಂದಣಿ ಸಂಖ್ಯೆಯೊಂದಿಗೆ ತಾಳೆ ಹಾಕುವುದು. ಮುಗಿಸುವ ತಾರೀಕು ಸೇಲ್ಸ್ ಹುಡುಗ ಹೇಳಿದ 30 ತಿಂಗಳಿಗೆ ಹೊಂದುತ್ತದೆಯೇ ನೋಡುವುದು. 11ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಯೋಜನೆಯ ಸ್ಥಿತಿಯನ್ನು ರೇರಾದ ಜಾಲತಾಣದಲ್ಲಿ ಹಾಕಬೇಕು. ಒಂದು ರೀತಿಯಲ್ಲಿ ಇದೂ ಮಾರಾಟದ ನಂತರದ ಸಂವಹನವೇ, ಕಾನೂನು ಕಡ್ಡಾಯ ಮಾಡಿದ್ದು. ವಾಟ್ಸಾಪಿನಲ್ಲಿ ಹತ್ತನೇ ಮಹಡಿಯ ಸ್ಲ್ಯಾಬ್ ಆಯಿತು ಎಂದಿದ್ದು, ಅಲ್ಲಿ ಆರನೆಯದು ಎಂದಿದ್ದರೆ, ಕೇಳಬೇಕಾದ ಪ್ರಶ್ನೆ ಸಿಕ್ಕಂತೆ.

ಇನ್ನು ಆ ಸಂದೇಶಗಳನ್ನು ಅಳಿಸಬೇಡಿ. ಬ್ರೋಷರ್, ದರಪಟ್ಟಿ, ಫೋಟೋ, 'ಡಿಸೆಂಬರಿಗೆ ಕೀ' ಎಂಬ ಭರವಸೆ, ಎಲ್ಲವನ್ನೂ ಒಂದು ಕಡೆ ತೆಗೆದಿಡಿ. ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟವರು ಪರಿಹಾರ ಕೇಳಲು, ಯೋಜನೆಯಿಂದ ಹೊರಬಂದು ಬಡ್ಡಿ ಸಮೇತ ಹಣ ವಾಪಸ್ ಕೇಳಲು 12ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕರಾರಿನ ತಾರೀಕಿಗೆ ಮನೆ ಕೊಡದಿದ್ದರೆ 18ನೇ ಸೆಕ್ಷನ್ ಇದೆ: ಹಣವನ್ನು ಬಡ್ಡಿ ಸಹಿತ ವಾಪಸ್ ಪಡೆಯಬಹುದು, ಇಲ್ಲವೇ ಮನೆಯೇ ಬೇಕೆಂದರೆ ಕೀ ಸಿಗುವ ತನಕ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಆ ದಿನ ಬಂದರೆ, ನಿಮ್ಮನ್ನು ಸಮಾಧಾನ ಮಾಡಲು ಕಳಿಸಿದ ಅದೇ ಸಂದೇಶಗಳು ನಿಮ್ಮ ಕಡೆಯ ಸಾಕ್ಷಿಯಾಗುತ್ತವೆ.