ಲೆನ್ಸಿಗೆ ಕಚ್ಚಿಕೊಂಡ ಫಿಲ್ಟರ್

ಕ್ಯಾಮೆರಾ ಲೆನ್ಸಿನ ಬಾಯಿಯ ಒಳಅಂಚಿನಲ್ಲಿ ಬಹಳ ನವಿರಾದ ತಿರುಪಿನ ಥ್ರೆಡ್ ಇರುತ್ತದೆ. ಯುವಿ ಫಿಲ್ಟರ್ ಆಗಲಿ, ಪೋಲರೈಸರ್ ಆಗಲಿ, ಕೂರುವುದು ಇದರಲ್ಲಿಯೇ. ಸಾಮಾನ್ಯ ಅಳತೆಯ ಲೆನ್ಸುಗಳಲ್ಲಿ ಈ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಹೆಚ್ಚಾಗಿ 0.75 ಮಿ.ಮೀ. ಅಂತರವಿರುತ್ತದೆ. ಫಿಲ್ಟರನ್ನು ಹಾಕುವಾಗ ಎರಡು ಬೆರಳು ಸಾಕು. ಅದೇ ಫಿಲ್ಟರ್ ಕೆಲವು ವಾರಗಳ ನಂತರ ಎರಡು ಕೈಗೂ ಜಗ್ಗದಂತೆ ಕಚ್ಚಿಕೊಂಡಿರುತ್ತದೆ. ಇದರ ಕಾರಣ ಆ ಥ್ರೆಡ್ಡಿನ ಆಕಾರದಲ್ಲೇ ಇದೆ.

58 ಮಿ.ಮೀ. ವ್ಯಾಸದ ಫಿಲ್ಟರನ್ನು ತೆಗೆದುಕೊಳ್ಳೋಣ. ಅದರ ಸುತ್ತಳತೆ ಸುಮಾರು 182 ಮಿ.ಮೀ. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಲೆನ್ಸಿನೊಳಕ್ಕೆ ಇಳಿಯುವುದು ಮುಕ್ಕಾಲು ಮಿಲಿಮೀಟರ್ ಮಾತ್ರ. ಅಂದರೆ ಥ್ರೆಡ್ಡಿನ ಇಳಿಜಾರು ಹೆಚ್ಚುಕಡಿಮೆ ಮಟ್ಟಸ. ಇಷ್ಟು ಸಣ್ಣ ಇಳಿಜಾರಿನಲ್ಲಿ ಬೆರಳಿನ ಸ್ವಲ್ಪ ಬಲವೂ ಫಿಲ್ಟರನ್ನು ಲೆನ್ಸಿನ ಅಂಚಿಗೆ ಬಹಳ ಬಿಗಿಯಾಗಿ ಎಳೆದು ಒತ್ತುತ್ತದೆ. ಹಾಗೆ ಒತ್ತಿದ ಮೇಲೆ ಎರಡರ ನಡುವಿನ ಘರ್ಷಣೆಯೇ ಫಿಲ್ಟರನ್ನು ಹಿಡಿದುಕೊಳ್ಳುತ್ತದೆ. ಮೇಲಿನಿಂದ ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿದರೆ ಎರಡೂ ಪರಸ್ಪರ ಕಚ್ಚುವ ಸ್ವಭಾವದವು. ಫಿಲ್ಟರಿನ ಚೌಕಟ್ಟು ಹಿತ್ತಾಳೆಯದಾಗಿದ್ದರೆ ಈ ಕಾಟ ಕಡಿಮೆ. ಥ್ರೆಡ್ಡಿನಲ್ಲಿ ಮರಳಿನ ಒಂದು ಕಣ ಸಿಕ್ಕಿದ್ದರೂ, ಕಡಲತೀರದ ಉಪ್ಪುಗಾಳಿಗೆ ಲೋಹದ ಮೇಲೆ ಬಿಳಿ ಪುಡಿ ಕಟ್ಟಿದ್ದರೂ ಹಿಡಿತ ಇನ್ನಷ್ಟು ಗಟ್ಟಿಯಾಗುತ್ತದೆ.

ಆದರೆ ಬಿಚ್ಚಲು ಹೊರಟಾಗ ಎದುರಾಗುವ ದೊಡ್ಡ ಅಡ್ಡಿ ಇದ್ಯಾವುದೂ ಅಲ್ಲ; ಬಿಚ್ಚುವ ಕೈಯೇ ಆ ಅಡ್ಡಿ. ಫಿಲ್ಟರಿನ ಚೌಕಟ್ಟು ತೆಳುವಾದ ಬಳೆ. ಹೆಬ್ಬೆರಳು ಒಂದು ಕಡೆ, ತೋರುಬೆರಳು ಎದುರು ಕಡೆ ಇಟ್ಟು ಬಲವಾಗಿ ಹಿಂಡಿದರೆ ಅದು ಕಣ್ಣಿಗೆ ಕಾಣದಷ್ಟು ಅಂಡಾಕಾರವಾಗುತ್ತದೆ. ಬೆರಳಿದ್ದ ಕಡೆ ಒಳಕ್ಕೆ ಸರಿದ ಬಳೆ ಅದರ ಅಡ್ಡ ದಿಕ್ಕಿನಲ್ಲಿ ಹೊರಕ್ಕೆ ಉಬ್ಬಿ, ಲೆನ್ಸಿನ ಥ್ರೆಡ್ಡಿಗೆ ಒತ್ತಿಕೊಳ್ಳುತ್ತದೆ. ಹಿಂಡಿದಷ್ಟೂ ಬಿಗಿ ಹೆಚ್ಚು. ಬೆವರು ಸುರಿಸಿದ ಮೇಲೂ ಫಿಲ್ಟರ್ ಅಲುಗದೆ ಹೋಗುವುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಇದೇ ಕಾರಣ. ಆದ್ದರಿಂದ ಇಲ್ಲಿ ಬೇಕಾದದ್ದು ಹೆಚ್ಚಿನ ಬಲವಲ್ಲ, ಬಳೆಯ ಸುತ್ತಲೂ ಸಮನಾಗಿ ಹಂಚಿದ, ಜಾರದ ಹಿಡಿತ.

ಕೈ ಹಾಕುವ ಮೊದಲು ಫಿಲ್ಟರ್ ನೇರವಾಗಿ ಕೂತಿದೆಯೇ ಎಂದು ನೋಡಬೇಕು. ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಅಡ್ಡಲಾಗಿ ಹಿಡಿದು ನಿಧಾನವಾಗಿ ಸುತ್ತಿಸಿದರೆ ಫಿಲ್ಟರಿಗೂ ಲೆನ್ಸಿನ ಅಂಚಿಗೂ ನಡುವಿನ ಸಂದು ಕಾಣುತ್ತದೆ. ಸಂದು ಸುತ್ತಲೂ ಒಂದೇ ಸಮ ಇದ್ದರೆ ಅದು ಬರಿಯ ಬಿಗಿ. ಒಂದು ಕಡೆ ಮುಚ್ಚಿಕೊಂಡು ಎದುರು ಕಡೆ ತೆರೆದಿದ್ದರೆ ಫಿಲ್ಟರ್ ಓರೆಯಾಗಿ ಥ್ರೆಡ್ ಹತ್ತಿದೆ. ಅಂಚಿನಲ್ಲಿ ಎಲ್ಲಾದರೂ ಚಪ್ಪಟೆಯಾದ ಜಾಗ ಕಂಡರೆ ಲೆನ್ಸ್ ಎಂದೋ ಬಿದ್ದು ಬಳೆ ನೆಗ್ಗಿದೆ ಎಂದರ್ಥ. ಈ ಮೂರನೆಯ ಸ್ಥಿತಿಯಲ್ಲಿ ತಿರುಗಿಸುವ ಪ್ರಯತ್ನವನ್ನೇ ಮಾಡಬಾರದು. ನೆಗ್ಗಿದ ಬಳೆ ತಿರುಗಿದಂತೆಲ್ಲ ಲೆನ್ಸಿನ ಥ್ರೆಡ್ಡನ್ನು ಕೆರೆದು ಹಾಕುತ್ತದೆ.

ಬರಿಯ ಬಿಗಿಯಾದ ಫಿಲ್ಟರಿನ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಬಹುದು. ಡಿಎಸ್‌ಎಲ್‌ಆರ್ ಜೊತೆಗೆ ಬರುತ್ತಿದ್ದ ಕ್ಯಾನನ್ ಇಎಫ್-ಎಸ್ 18-55 ಐಎಸ್ ಟು ಲೆನ್ಸ್ ಹಲವರ ಬಳಿ ಇದೆ. ಅದರ ಫಿಲ್ಟರ್ ಅಳತೆ 58 ಮಿ.ಮೀ. ಮುಂಭಾಗದ ಥ್ರೆಡ್ ಪ್ಲಾಸ್ಟಿಕ್ಕಿನದು. ಫೋಕಸ್ ಆಗುವಾಗ ಈ ಲೆನ್ಸಿನ ಮುಂಭಾಗವೇ ತಿರುಗುತ್ತದೆ. ಕಚ್ಚಿಕೊಂಡ ಫಿಲ್ಟರನ್ನು ತಿರುಗಿಸಿದರೆ ಅದರೊಂದಿಗೆ ಮುಂಭಾಗವೂ ತಿರುಗಿ, ಬಲವೆಲ್ಲ ಒಳಗಿನ ಫೋಕಸ್ ಯಂತ್ರದ ಹಲ್ಲುಗಳ ಮೇಲೆ ಬೀಳುತ್ತದೆ. ಫಿಲ್ಟರ್ ಬಿಡಿಸಲು ಹೋಗಿ ಫೋಕಸ್ ಕೆಡಿಸಿಕೊಳ್ಳುವ ಅಪಾಯ ಇರುವುದು ಇಲ್ಲಿಯೇ. ಹಾಗಾಗಿ ಮೊದಲು ಲೆನ್ಸಿನ ಪಕ್ಕದ ಸ್ವಿಚ್ಚನ್ನು ಎಎಫ್‌ನಿಂದ ಎಂಎಫ್‌ಗೆ ತರಬೇಕು. ಆಮೇಲೆ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಹಿಂದಿನ ಮುಚ್ಚಳ ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಎಡಗೈ ಎಲ್ಲಿ ಹಿಡಿಯಬೇಕು ಎಂಬುದು ಮುಖ್ಯ. ಲೆನ್ಸಿನ ದಪ್ಪ ನಡುಭಾಗ ಕೈಗೆ ಚೆನ್ನಾಗಿ ಸಿಗುತ್ತದಾದರೂ ಅಲ್ಲಿ ಹಿಡಿದರೆ ಜೂಮ್ ಮತ್ತು ಫೋಕಸ್ ಎರಡರ ಭಾಗಗಳೂ ನಡುವೆ ಸಿಕ್ಕಿಕೊಳ್ಳುತ್ತವೆ. ಹಿಡಿಯಬೇಕಾದದ್ದು ಫಿಲ್ಟರಿಗೆ ತಾಗಿದಂತೆ ತುದಿಯಲ್ಲಿರುವ, ಗೀರುಗೀರಾದ ಕಿರಿದಾದ ಫೋಕಸ್ ಉಂಗುರವನ್ನು. ಥ್ರೆಡ್ ಇರುವುದೂ ಆ ಭಾಗದಲ್ಲೇ ಆದ್ದರಿಂದ ತಿರುಚುವ ಬಲ ಅಲ್ಲಿಗೇ ನಿಂತು, ಒಳಗಿನ ಯಂತ್ರಕ್ಕೆ ದಾಟುವುದಿಲ್ಲ. ಮುಂಭಾಗ ತಿರುಗದ ಲೆನ್ಸುಗಳಿಗೂ ಇದೇ ನಿಯಮ: ಫಿಲ್ಟರಿಗೆ ಅತಿ ಹತ್ತಿರದ ಭಾಗವನ್ನೇ ಹಿಡಿಯಬೇಕು.

ಬಲಗೈಗೆ ಬೇಕಾದದ್ದು ಒಂದು ರಬ್ಬರ್ ಬ್ಯಾಂಡ್. ತರಕಾರಿ ಕಟ್ಟಿಗೆ ಹಾಕುವಂಥ ದಾರದಂತಹ ಬ್ಯಾಂಡಿಗಿಂತ ಅಗಲವಾದದ್ದು ಮೇಲು; ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಇನ್ನೂ ಚೆನ್ನ. ಅದನ್ನು ಫಿಲ್ಟರಿನ ಹೊರಅಂಚಿಗೆ ಬಿಗಿಯಾಗಿ ಸುತ್ತಬೇಕು. ಹೊರಗೆ ಕಾಣುವ ಅಂಚು ಕೆಲವೇ ಮಿಲಿಮೀಟರ್ ಇರುವುದರಿಂದ ಪಟ್ಟಿ ಅದಕ್ಕಿಂತ ಅಗಲವಾಗಬಾರದು. ಪಟ್ಟಿ ಸರಿದು ಫಿಲ್ಟರ್ ಮತ್ತು ಫೋಕಸ್ ಉಂಗುರ ಎರಡನ್ನೂ ಒಟ್ಟಿಗೆ ಹಿಡಿದುಬಿಟ್ಟರೆ ಎಷ್ಟು ತಿರುಗಿಸಿದರೂ ಎರಡೂ ಜೊತೆಯಾಗಿಯೇ ತಿರುಗುತ್ತವೆ, ಕೆಲಸ ಆಗುವುದಿಲ್ಲ. ಸುತ್ತಿದ ಮೇಲೆ ಐದೂ ಬೆರಳುಗಳ ತುದಿಯನ್ನು ಅಂಚಿನ ಸುತ್ತ ಒಂದೇ ಅಂತರದಲ್ಲಿ ಇಡಬೇಕು. ಒತ್ತಡ ಮೆಲ್ಲಗಿರಲಿ, ಜಾರದಂತೆ ನೋಡಿಕೊಳ್ಳುವ ಕೆಲಸ ರಬ್ಬರಿನದು. ಲೆನ್ಸಿನ ಮುಂದಿನ ಗಾಜನ್ನು ನೋಡುತ್ತಾ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಒಂದೇ ಸಮನೆ ಬಲ ಕೊಡುತ್ತಾ ತಿರುಗಿಸಬೇಕು. ಲೆನ್ಸಿನ ಹಿಂದಿನಿಂದ ನೋಡುವಾಗ ದಿಕ್ಕು ಅದಲುಬದಲಾಗುತ್ತದೆ. ಎಷ್ಟೋ ಫಿಲ್ಟರುಗಳು ಇನ್ನಷ್ಟು ಬಿಗಿಯಾಗುವುದು ಈ ಗೊಂದಲದಿಂದಲೇ. ಕಚ್ಚಿದ್ದು ಮೊದಲ ಬಾರಿ ಬಿಡುವುದಕ್ಕೆ ಬೇಕಾಗುವ ಬಲವೇ ಹೆಚ್ಚು. ಒಂದು ಕೂದಲೆಳೆಯಷ್ಟು ಸರಿದರೂ ಉಳಿದದ್ದು ಹಗುರ. ಅಲ್ಲಿಗೆ ಬ್ಯಾಂಡ್ ತೆಗೆದು ಬರಿಗೈಯಲ್ಲೇ ಬಿಚ್ಚಬಹುದು.

ತಿರುಗಿಸುವಾಗ ಕರಕರ ಸದ್ದು ಬಂದರೆ ತಕ್ಷಣ ನಿಲ್ಲಿಸಬೇಕು. ಅದು ಮರಳು. ಲೆನ್ಸಿನ ಬಾಯಿಯನ್ನು ನೆಲದ ಕಡೆಗೆ ಮಾಡಿ ಹಿಡಿದು, ಸಂದಿಗೆ ಬ್ಲೋವರಿನಿಂದ ಗಾಳಿ ಹೊಡೆದು, ಒಣ ಬ್ರಷ್ಷಿನಿಂದ ಸುತ್ತಲೂ ಸವರಿ ಆಮೇಲೆ ಮುಂದುವರಿಯಬೇಕು. ಓರೆಯಾಗಿ ಹತ್ತಿದ ಫಿಲ್ಟರನ್ನೂ ಇದೇ ರೀತಿಯಲ್ಲಿ ಬಿಚ್ಚುವುದು, ಇನ್ನೂ ನಿಧಾನವಾಗಿ. ಪ್ಲಾಸ್ಟಿಕ್ ಥ್ರೆಡ್ ಆದರೆ ಸಂದಿಯಲ್ಲಿ ಕಪ್ಪು ಸಿಪ್ಪೆಯಂಥ ಚೂರುಗಳು ಕಾಣಬಹುದು. ಹಾಗೆ ಕಂಡರೆ ಥ್ರೆಡ್ಡಿಗೆ ಈಗಾಗಲೇ ಗಾಯವಾಗಿದೆ.

ರಬ್ಬರ್ ಬ್ಯಾಂಡಿಗೂ ಬಾರದಿದ್ದರೆ ಪ್ಲಾಸ್ಟಿಕ್ಕಿನ ಫಿಲ್ಟರ್ ವ್ರೆಂಚ್ ಬಳಸಬಹುದು. ಕ್ಯಾಮೆರಾ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಇದು ಬಳೆಯ ಬಹುಭಾಗವನ್ನು ಸುತ್ತುವರಿದು ಹಿಡಿಯುವ ಅಗ್ಗದ ಸಲಕರಣೆ. ಫಿಲ್ಟರಿನ ಅಳತೆಗೆ ಹೊಂದುವುದನ್ನೇ ಕೊಳ್ಳಬೇಕು. ಇದರ ಬಾಲಗಳನ್ನು ಕೂಡ ಬಲವಾಗಿ ಹಿಂಡಿದರೆ ಬಳೆ ಮತ್ತೆ ಅಂಡಾಕಾರವಾಗುತ್ತದೆ. ಅಂಚು ಬಹಳ ತೆಳುವಾಗಿ ಬೆರಳಿಗೇ ಸಿಗದ ಫಿಲ್ಟರುಗಳಿಗೆ ಇನ್ನೊಂದು ದಾರಿ ಇದೆ. ಚೆನ್ನಾಗಿ ತೊಳೆದು ಒಣಗಿಸಿದ ಚಪ್ಪಟೆ ರಬ್ಬರ್ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಲೆನ್ಸನ್ನು ಬಾಯಿ ಕೆಳಗಾಗಿ ಅದರ ಮೇಲಿಟ್ಟು, ಹಗುರಾಗಿ ಒತ್ತಿ ತಿರುಗಿಸುವುದು. ಆಗ ಅಂಚು ಪೂರ್ತಿ ಒಂದೇ ಸಮನೆ ರಬ್ಬರಿಗೆ ತಾಗುತ್ತದೆ, ಹಿಂಡುವ ಪ್ರಶ್ನೆಯೇ ಬರುವುದಿಲ್ಲ. ಫಿಲ್ಟರಿನ ಗಾಜು ಅಂಚಿಗಿಂತ ಒಳಗಿದ್ದರೆ ಮಾತ್ರ ಇದು ಸಲ್ಲುತ್ತದೆ.

ಪೋಲರೈಸರಿಗೆ ಎರಡು ಬಳೆಗಳಿರುತ್ತವೆ. ಮುಂದಿನದು ಚಿತ್ರಕ್ಕೆ ತಕ್ಕಂತೆ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಲೆನ್ಸಿಗೆ ಸೇರಿರುವುದು ಹಿಂದಿನ ತೆಳು ಬಳೆ. ಬ್ಯಾಂಡನ್ನಾಗಲಿ ವ್ರೆಂಚನ್ನಾಗಲಿ ಆ ಹಿಂದಿನ ಬಳೆಗೇ ಹಾಕಬೇಕು. ಬ್ಯಾಂಡ್ ಎರಡನ್ನೂ ಸೇರಿಸಿ ಹಿಡಿದರೂ ತೊಂದರೆಯಿಲ್ಲ, ಮುಂದಿನದನ್ನಷ್ಟೇ ಹಿಡಿದರೆ ಅದು ಬರಿದೇ ಸುತ್ತುತ್ತದೆ. ರಬ್ಬರ್ ಹಾಳೆಯ ಉಪಾಯ ಪೋಲರೈಸರಿಗೆ ಆಗದಿರುವುದೂ ಇದೇ ಕಾರಣಕ್ಕೆ.

ತಣಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಅದರಲ್ಲಿ ಹುರುಳಿದೆ, ಆದರೆ ಬಹಳ ಇಲ್ಲ. 58 ಮಿ.ಮೀ. ಅಲ್ಯೂಮಿನಿಯಂ ಬಳೆಯನ್ನು 20 ಡಿಗ್ರಿ ತಣಿಸಿದರೆ ಅದರ ವ್ಯಾಸ ಕುಗ್ಗುವುದು 0.03 ಮಿ.ಮೀ.ಗಿಂತಲೂ ಕಡಿಮೆ. ಅದೂ ಬಳೆ ಮಾತ್ರ ತಣಿದು ಲೆನ್ಸ್ ಬೆಚ್ಚಗಿದ್ದರೆ. ಎರಡೂ ಒಟ್ಟಿಗೆ ತಣಿದರೆ ಲೆನ್ಸಿನ ಬಾಯಿಯೂ ಕುಗ್ಗುವುದರಿಂದ ಲಾಭವೇ ಇಲ್ಲ. ಆದ್ದರಿಂದ ಇಡೀ ಲೆನ್ಸನ್ನು ಫ್ರಿಜ್ಜಿನಲ್ಲಿಡುವುದು ವ್ಯರ್ಥ. ಹೊರಗೆ ತೆಗೆದಾಗ ಗಾಜಿನ ಮೇಲೆ ತೇವ ಕೂರುವ ಅಪಾಯ ಬೇರೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸನ್ನು ಬಳೆಯ ಅಂಚಿಗಷ್ಟೇ ಒಂದೆರಡು ನಿಮಿಷ ತಾಗಿಸಿ, ಒರೆಸಿ, ಕೂಡಲೇ ತಿರುಗಿಸಿ ನೋಡಬಹುದು. ಎಣ್ಣೆ ಅಥವಾ ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಬೇಡವೇ ಬೇಡ. ತೆಳು ಎಣ್ಣೆ ಸಂದುಗಳಲ್ಲಿ ಹರಿದು ಗಾಜುಗಳ ನಡುವೆ ಮತ್ತು ಅಪರ್ಚರ್ ಎಲೆಗಳ ಮೇಲೆ ಹರಡುತ್ತದೆ. ಅಂಟಿಕೊಂಡ ಎಲೆಗಳನ್ನು ಸರಿಪಡಿಸಲು ಲೆನ್ಸನ್ನು ಪೂರ್ತಿ ಬಿಚ್ಚಬೇಕಾಗುತ್ತದೆ, ಅದರ ಖರ್ಚು ಫಿಲ್ಟರಿನ ಬೆಲೆಯನ್ನು ಮೀರಬಹುದು.

ನೆಗ್ಗಿದ ಬಳೆಯನ್ನು ತಿರುಗಿಸದೆ ತೆಗೆಯಬೇಕು. ರಿಪೇರಿಯವರು ಮೊದಲು ಒಡೆದ ಗಾಜಿದ್ದರೆ ಲೆನ್ಸನ್ನು ಬಾಯಿ ಕೆಳಗಾಗಿ ಹಿಡಿದು ಚೂರುಗಳನ್ನು ಹೊರಗೆ ಬೀಳಿಸುತ್ತಾರೆ. ನಂತರ ಲೆನ್ಸಿನ ಗಾಜಿಗೆ ಮೆತ್ತನೆಯ ಹೊದಿಕೆ ಹಾಕಿ, ಬಳೆಯ ಒಳಮೈಯಿಂದ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುತ್ತಾರೆ. ಲೆನ್ಸಿನ ಥ್ರೆಡ್ ಮುಟ್ಟುವ ಮೊದಲೇ ಕೊಯ್ಯುವುದನ್ನು ನಿಲ್ಲಿಸಿ, ಉಳಿದ ತೆಳುಭಾಗವನ್ನು ಮೂತಿ ಚೂಪಾದ ಇಕ್ಕಳದಿಂದ ಒಳಕ್ಕೆ ಮಡಿಚುತ್ತಾರೆ. ಮಡಿಚಿದ ಬಳೆ ಸಡಿಲಗೊಂಡು ಕೈಗೆ ಬರುತ್ತದೆ. ಲೆನ್ಸಿನ ಮುಂದಿನ ಗಾಜು ಫಿಲ್ಟರಿಗೆ ಕೆಲವೇ ಮಿಲಿಮೀಟರ್ ದೂರದಲ್ಲಿರುವುದರಿಂದ ಇದನ್ನು ಅನುಭವವಿರುವ ರಿಪೇರಿಯವರಿಗೆ ಬಿಡುವುದೇ ಸರಿ. ಲೆನ್ಸಿನ ಅಂಚೂ ನೆಗ್ಗಿದ್ದರೆ ಅದನ್ನು ಒಳಗಿನಿಂದ ಹಿಗ್ಗಿಸಿ ದುಂಡಾಗಿಸುವ ಸಾಧನವೂ ಅವರ ಬಳಿ ಇರುತ್ತದೆ.

ಬಿಚ್ಚಿದ ಫಿಲ್ಟರನ್ನು ಕೂಡಲೇ ಮತ್ತೆ ಹಾಕಬಾರದು. ಅದನ್ನು ಮಟ್ಟಸವಾದ ಗಾಜಿನ ಮೇಲಿಟ್ಟು ಬೆರಳಿನಿಂದ ಅಂಚನ್ನು ಮುಟ್ಟಿದಾಗ ಆ ಕಡೆ ಈ ಕಡೆ ತೂಗಿದರೆ ಬಳೆ ಸೊಟ್ಟಗಾಗಿದೆ. ಮತ್ತೆ ಹಾಕಿದರೆ ಮತ್ತೆ ಕಚ್ಚುತ್ತದೆ. ಸರಿಯಿದ್ದರೆ ಎರಡೂ ಥ್ರೆಡ್ಡುಗಳನ್ನು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಚ್ಛಗೊಳಿಸಬೇಕು. ಹಾಕುವಾಗ ಫಿಲ್ಟರನ್ನು ಬಾಯಿಗೆ ಮೆಲ್ಲಗೆ ತಾಗಿಸಿ, ಮೊದಲು ಬಿಚ್ಚುವ ದಿಕ್ಕಿಗೇ ತಿರುಗಿಸಬೇಕು. ಥ್ರೆಡ್ಡಿನ ತುದಿಗಳು ಎದುರುಬದುರಾದಾಗ ಸಣ್ಣಗೆ ಟಕ್ ಎಂದು ಕೆಳಗಿಳಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ, ಅಂಚು ಲೆನ್ಸಿಗೆ ತಾಗಿ ನಿಂತೊಡನೆ ಕೈ ತೆಗೆಯಬೇಕು.